ರೋಸಿಹೋಗುವುದು, ಎಳ್ಳುನೀರು ಬಿಡುವುದು: ಬರ್ನ್‌ಔಟ್, ಕ್ಲೋಷರ್‌ಗೆ ಕನ್ನಡದಲ್ಲಿ ಏನನ್ನಬೇಕು?

ಆಪ್ತಸಮಾಲೋಚನೆಯ ಕರಪತ್ರ, ಆಸ್ಪತ್ರೆಯ ಪ್ರಶ್ನಾವಳಿ ಕನ್ನಡಕ್ಕೆ ಬರುವಾಗ ಹೆಚ್ಚು ತೊಡಕಾಗುವ ಪದಗಳಲ್ಲಿ, ಕೆಲಸದ ಒತ್ತಡದಿಂದ ಮನಸ್ಸು ಬರಿದಾಗುವುದನ್ನು ಹೇಳುವ ಬರ್ನ್‌ಔಟ್ ಒಂದು. ‘ಸುಟ್ಟುಹೋಗುವುದು’ ಎಂದು ಬರೆದರೆ ಅರ್ಥವೇ ಕೆಡುತ್ತದೆ. ನಮ್ಮಲ್ಲಿ ಮೋಟಾರ್ ಸುಟ್ಟುಹೋಗುತ್ತದೆ, ಮನುಷ್ಯ ಸುಟ್ಟುಹೋಗುವುದಿಲ್ಲ. ಹೊಟ್ಟೆ ಉರಿದರೆ ಅದು ಅಸೂಯೆ ಇಲ್ಲವೇ ಸಂಕಟ. ನೊಂದು ಬೆಂದವರು ಅಂದರೆ ದುಃಖ ತಿಂದವರು. ಬೆಂಕಿಯ ಮಾತೆಲ್ಲ ಕನ್ನಡದಲ್ಲಿ ಬೇರೆ ಭಾವಗಳಿಗೆ ಮೊದಲೇ ಮೀಸಲಾಗಿಬಿಟ್ಟಿದೆ.

ಇಂಗ್ಲಿಷಿನಲ್ಲಿ ಈ ಪದ ಬೀದಿಯಿಂದ ಬಂದದ್ದು. ಮಾದಕ ವಸ್ತುಗಳ ಚಟದಿಂದ ಪೂರ್ತಿ ಹಾಳಾದವರನ್ನು ಅಮೆರಿಕದಲ್ಲಿ ಹೀಗೆ ಕರೆಯುತ್ತಿದ್ದರು. ನ್ಯೂಯಾರ್ಕ್‌ನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, ಅಂಥವರಿಗೆ ಶುಶ್ರೂಷೆ ಮಾಡುವ ಸಿಬ್ಬಂದಿಯೂ ಬರಿದಾಗುವುದನ್ನು ಕಂಡು, 1974ರಲ್ಲಿ ಅದೇ ಪದವನ್ನು ಅವರಿಗೂ ಬಳಸಿದರು. ಮುಂದೆ ಮನೋವಿಜ್ಞಾನಿ ಕ್ರಿಸ್ಟಿನಾ ಮ್ಯಾಸ್ಲಾಕ್ ಅದನ್ನು ಅಳೆಯುವ 22 ಹೇಳಿಕೆಗಳ ಮಾಪಕ ರೂಪಿಸಿ, ಒಳಗೆ ಮೂರು ಎಳೆಗಳಿವೆ ಎಂದು ತೋರಿಸಿದರು: ಭಾವನೆಯ ಬಳಲಿಕೆ, ಎದುರಿನ ಜನರ ಬಗ್ಗೆ ಮನಸ್ಸು ಮರಗಟ್ಟುವುದು, ತನ್ನಿಂದ ಏನೂ ಆಗುತ್ತಿಲ್ಲ ಎನ್ನಿಸುವುದು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗವಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಸ್ಪಷ್ಟಪಡಿಸಿತು. ಹಾಗಾಗಿ ಖಿನ್ನತೆ ಎಂಬ ಪದವನ್ನು ಇಲ್ಲಿ ತರುವಂತಿಲ್ಲ.

ಈ ಮೂರು ಎಳೆಗಳನ್ನು ಬಿಡಿಸಿ ಹಿಡಿದರೆ ಕನ್ನಡ ತಾನಾಗಿ ಒದಗುತ್ತದೆ. ಮೊದಲನೆಯದಕ್ಕೆ ‘ದುಡಿದು ದುಡಿದು ಹಣ್ಣಾಗಿದ್ದೇನೆ’. ಎರಡನೆಯದಕ್ಕೆ ‘ರೋಸಿಹೋಗಿದೆ’, ‘ರೇಜಿಗೆಯಾಗಿದೆ’. ಆ ಸ್ಥಿತಿಯಲ್ಲಿ ಮಾಡುವ ಕೆಲಸಕ್ಕೆ ‘ಕಾಟಾಚಾರ’ ಎಂಬ ಕರಾರುವಾಕ್ಕಾದ ಪದವೇ ಇದೆ. ಮೂರನೆಯದಕ್ಕೆ ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ’.

ರಾತ್ರಿ ಪಾಳಿಯ ನರ್ಸ್ ಒಬ್ಬರು ‘ತುಂಬಾ ಸುಸ್ತು’ ಅಂದರು ಅನ್ನಿ. ಕೇಳುವವರು ರಕ್ತಹೀನತೆ, ನಿದ್ರೆ, ಊಟ ವಿಚಾರಿಸಿ ಬಿಟ್ಟುಬಿಡಬಹುದು. ಅವುಗಳನ್ನೂ ವಿಚಾರಿಸಬೇಕು, ಸರಿಯೇ. ಆದರೆ ಅಲ್ಲಿಗೆ ನಿಲ್ಲಬಾರದು. ‘ಎರಡು ದಿನ ರಜೆ ಹಾಕಿದರೆ ಸರಿಹೋಗುತ್ತಾ?’ ಎಂದು ಕೇಳಿ. ‘ಹೋಗುತ್ತೆ’ ಅಂದರೆ ಬಹುಶಃ ದಣಿವು. ‘ಇಲ್ಲ, ವಾರ್ಡಿನ ಬಾಗಿಲು ನೋಡಿದರೆ ಸಾಕು ಬೇಡ ಅನ್ನಿಸುತ್ತೆ. ಪೇಷಂಟ್ ಕರೆದರೆ ಸಿಡುಕುತ್ತೇನೆ’ ಅಂದರೆ ಎರಡನೇ ಎಳೆ ಕಾಣಿಸಿತು. ಮನೆಯಲ್ಲೂ, ಹಬ್ಬದಲ್ಲೂ, ಇಷ್ಟದ ಅಡುಗೆಯಲ್ಲೂ ಮನಸ್ಸಿಲ್ಲ ಎಂದರೆ ವಿಷಯ ಉದ್ಯೋಗದಾಚೆ ದಾಟಿದೆ, ಮನೋವೈದ್ಯರು ನೋಡಬೇಕು. ಪ್ರಶ್ನಾವಳಿಯಲ್ಲಿ ಮೂರಕ್ಕೂ ‘ಸುಸ್ತು’ ಎಂದೇ ಬರೆದರೆ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಕನ್ನಡದ್ದನ್ನು ಬೇರೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ ನೋಡಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಕ್ಲೋಷರ್‌ನ, ಅಂದರೆ ನೋವಿಗೊಂದು ಕೊನೆ ಕಾಣುವುದರ, ದಾರಿ ಬೇರೆ. 1920ರ ದಶಕದಲ್ಲಿ ಜರ್ಮನಿಯ ಗೆಸ್ಟಾಲ್ಟ್ ಮನೋವಿಜ್ಞಾನಿಗಳು, ಸ್ವಲ್ಪ ಬಿಟ್ಟುಹೋದ ವೃತ್ತವನ್ನೂ ಕಣ್ಣು ಪೂರ್ತಿ ವೃತ್ತವಾಗಿಯೇ ಕಾಣುತ್ತದೆ ಎಂದು ವಿವರಿಸಿದ್ದಕ್ಕೆ ಇಂಗ್ಲಿಷಿನಲ್ಲಿ ಈ ಹೆಸರು ನಿಂತಿತು. ದುಃಖಕ್ಕೂ ಹೀಗೊಂದು ಪೂರ್ಣತೆ ಸಿಗಬೇಕೆಂಬ ಮಾತು ಅಮೆರಿಕದಲ್ಲಿ ಜೋರಾದದ್ದು 1990ರ ದಶಕದಲ್ಲಿ. 168 ಜನ ಸತ್ತ ಒಕ್ಲಹೋಮ ಸ್ಫೋಟದ ಅಪರಾಧಿಗೆ 2001ರಲ್ಲಿ ಮರಣದಂಡನೆಯಾದಾಗ, ಬದುಕುಳಿದವರೂ ಸತ್ತವರ ಬಂಧುಗಳೂ 200ಕ್ಕೂ ಹೆಚ್ಚು ಮಂದಿ ಅದನ್ನು ದೂರದಿಂದ ಪರದೆಯ ಮೇಲೆ ನೋಡಿದರು. ಆ ದಿನಗಳಲ್ಲಿ ಈ ಪದ ಎಲ್ಲರ ಬಾಯಲ್ಲಿತ್ತು.

ಕನ್ನಡದಲ್ಲಿ ‘ಮುಕ್ತಾಯ’ ಕಾರ್ಯಕ್ರಮಕ್ಕೆ ಸರಿ, ಮನಸ್ಸಿಗಲ್ಲ. ಜಗಳ, ವ್ಯಾಜ್ಯವಾದರೆ ‘ಇತ್ಯರ್ಥ’. ಮುರಿದ ಸಂಬಂಧಕ್ಕೆ ‘ಋಣ ತೀರಿತು’. ತಾನೇ ಗಟ್ಟಿ ಮನಸ್ಸು ಮಾಡಿ ಆಸೆ ಬಿಟ್ಟರೆ ‘ಎಳ್ಳುನೀರು ಬಿಟ್ಟೆ’. ಈ ಕೊನೆಯದು ತರ್ಪಣದಿಂದ ಬಂದ ಮಾತು, ಹಾಗಾಗಿ ಸಾವಿನ ಮನೆಯಲ್ಲಿ ಆಡಲೇಬಾರದು. ಸಾವಿಗೆ ಉತ್ತರಕ್ರಿಯೆ ಉಂಟು. ಆದರೆ ಅದೇ ಸಂಪ್ರದಾಯ ವರ್ಷ ವರ್ಷ ಶ್ರಾದ್ಧವನ್ನೂ ಇಟ್ಟಿದೆ. ನೆನಪನ್ನು ಮುಚ್ಚಿಡುವ ಯೋಚನೆಯೇ ಅದರಲ್ಲಿಲ್ಲ. ನನಗೆ ಇದು ಹೆಚ್ಚು ನಿಜ ಅನ್ನಿಸುತ್ತದೆ.

ಕ್ರಿಯೆಗೆ ದೇಹವೇ ಸಿಗದಾಗ ಯಾವ ಪದವೂ ಕೈಹಿಡಿಯುವುದಿಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಮುಂದಿನ ಮೇ ತಿಂಗಳಲ್ಲಿ ನೌಕಾಪಡೆಗೆ ಸಿಕ್ಕಿದ್ದು ಅವಶೇಷ, ಮೀನುಗಾರರು ಮರಳಲಿಲ್ಲ. ಇಂಥ ನಷ್ಟವನ್ನು ಪಾಲಿನ್ ಬಾಸ್ ಎಂಬ ಸಂಶೋಧಕಿ ಅಸ್ಪಷ್ಟ ನಷ್ಟ ಎಂದು ಕರೆದು, ಇಲ್ಲಿ ಕ್ಲೋಷರ್ ಹುಡುಕುವುದೇ ತಪ್ಪು ಎಂದಿದ್ದಾರೆ. ಅಂಥ ಮನೆಯವರೊಂದಿಗೆ ಮಾತಾಡುವವರು ‘ಸಮಾಧಾನ ಆಯಿತಾ?’ ಎಂದು ಕೇಳದೆ, ‘ಈಗ ದಿನ ಹೇಗೆ ಕಳೀತಿದೆ, ಅಮ್ಮ?’ ಎಂದು ಕೇಳುವುದು ಮೇಲು. ಅದಕ್ಕೆ ಅವರಲ್ಲಿ ಉತ್ತರವಿರುತ್ತದೆ.