ಮಾಸು ಕೆಳಗಿದೆ ಅಂದರೆ ಗಂಡ ಹೆಂಡತಿ ಎಷ್ಟು ದಿನ ದೂರ ಇರಬೇಕು?

ಐದನೇ ತಿಂಗಳ ಸ್ಕ್ಯಾನ್ ಆದಮೇಲೆ ಕೆಲವರ ರಿಪೋರ್ಟಿನಲ್ಲಿ 'ಪ್ಲಾಸೆಂಟಾ ಲೋ ಲೈಯಿಂಗ್' ಎಂಬ ಸಾಲು ಇರುತ್ತದೆ. ಅಂದರೆ ಮಾಸು ಕೆಳಗಿದೆ ಎಂದರ್ಥ. ಬೆಂಗಳೂರಿನ ಡಾಕ್ಟರು "ಸದ್ಯಕ್ಕೆ ಕಾಂಟ್ಯಾಕ್ಟ್ ಬೇಡಮ್ಮ" ಅಂದುಬಿಟ್ಟು ಮುಂದಿನವರನ್ನು ಕರೆಯುತ್ತಾರೆ. ಜೊತೆಗೆ ಅತ್ತೆಯೂ ಬಂದಿದ್ದರೆ ಯಾಕೆ, ಎಷ್ಟು ದಿನ ಅಂತ ಕೇಳೋಕೆ ಬಾಯೇ ಬರುವುದಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು.

ಮೊದಲು ಮಾಮೂಲಿ ಬಸಿರಿನ ಮಾತು. ಯಾವ ತೊಂದರೆಯೂ ಇಲ್ಲದಿದ್ದರೆ ಹೆರಿಗೆಯ ದಿನ ಹತ್ತಿರ ಬರುವವರೆಗೂ ಗಂಡ ಹೆಂಡತಿ ಸೇರಬಹುದು. ಮಗು ನೀರಿನ ಚೀಲದೊಳಗೆ ಇರುತ್ತದೆ. ಅದರ ಸುತ್ತ ಗರ್ಭಕೋಶದ ದಪ್ಪ ಗೋಡೆ. ಕೆಳಗೆ ಗರ್ಭಕೋಶದ ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ, ಅದರೊಳಗೆ ಗಟ್ಟಿ ಲೋಳೆಯೊಂದು ಬಿರಡೆಯ ಹಾಗೆ ಕೂತಿರುತ್ತದೆ. ಸೇರುವಾಗ ಮಗುವಿಗೆ ಏನೂ ತಾಗುವುದಿಲ್ಲ. ಸುಖದ ತುದಿಯಲ್ಲಿ ಹೊಟ್ಟೆ ಗಟ್ಟಿಯಾಗುವುದು ನಿಜ. ಆದರೆ ಸ್ವಲ್ಪ ಹೊತ್ತಿಗೆ ಅದು ತಾನಾಗೇ ಸಡಿಲವಾಗುತ್ತದೆ. ಹೆರಿಗೆ ನೋವು ಹಾಗಲ್ಲ, ಬರಬರುತ್ತಾ ಜಾಸ್ತಿಯಾಗುತ್ತದೆ. ಶುರುವಿನ ತಿಂಗಳುಗಳಲ್ಲಿ ಗರ್ಭ ನಿಲ್ಲದೆ ಹೋದರೆ ಎಷ್ಟೋ ಹೆಣ್ಣುಮಕ್ಕಳು "ಅವತ್ತು ಸೇರಿದ್ದಕ್ಕೇ ಹೀಗಾಯ್ತಾ" ಅಂತ ಕೊರಗುತ್ತಾರೆ. ದಯವಿಟ್ಟು ಕೊರಗಬೇಡಿ. ಅಂಥ ಗರ್ಭಪಾತಗಳಲ್ಲಿ ಹೆಚ್ಚಿನವಕ್ಕೆ ಭ್ರೂಣದ ಕ್ರೋಮೋಸೋಮುಗಳಲ್ಲಿನ ಏರುಪೇರೇ ಕಾರಣ.

ಮಾಸು ಕೆಳಗಿದ್ದರೆ ಲೆಕ್ಕ ಬೇರೆ. ಮಾಸು ಪೂರ್ತಿ ರಕ್ತನಾಳಗಳಿಂದ ತುಂಬಿದ ಅಂಗ. ಸಾಮಾನ್ಯವಾಗಿ ಅದು ಗರ್ಭಕೋಶದ ಮೇಲ್ಭಾಗದಲ್ಲೋ ಪಕ್ಕದಲ್ಲೋ ಅಂಟಿಕೊಂಡಿರುತ್ತದೆ. ಕೆಲವರಲ್ಲಿ ಬಾಯಿಯ ಹತ್ತಿರವೇ ಇರುತ್ತದೆ, ಇನ್ನು ಕೆಲವರಲ್ಲಿ ಬಾಯನ್ನೇ ಮುಚ್ಚಿರುತ್ತದೆ. ಅಲ್ಲಿ ಗರ್ಭಕೋಶದ ಬಾಯಿಗೆ ಒತ್ತಡ ಬಿದ್ದರೆ, ಇಲ್ಲವೇ ಗರ್ಭಕೋಶ ಬಿಗಿದರೆ, ಮಾಸಿನ ಅಂಚು ಸ್ವಲ್ಪ ಬಿಟ್ಟುಕೊಂಡು ರಕ್ತ ಹೋಗಬಹುದು ಎಂಬುದು ಡಾಕ್ಟರ ಭಯ. ಸೇರುವುದರಿಂದಲೇ ಎಷ್ಟು ಜನರಿಗೆ ಹೀಗಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಕಡಿಮೆ. ಆದರೆ ರಕ್ತ ಹೋಗಲು ಶುರುವಾದರೆ ತುಂಬಾ ಹೋಗಬಹುದು. ಅದಕ್ಕೇ ಈ ಎಚ್ಚರಿಕೆ ಸರಿ ಅಂತ ನನಗೂ ಅನ್ನಿಸುತ್ತದೆ.

ಒಂದು ಉದಾಹರಣೆ ತಗೊಳ್ಳೋಣ. ರಾಜಾಜಿನಗರದ ಒಬ್ಬ ಹೆಣ್ಣುಮಗಳಿಗೆ 20 ವಾರದ ಸ್ಕ್ಯಾನಿನಲ್ಲಿ ಮಾಸಿನ ಅಂಚು ಗರ್ಭಕೋಶದ ಒಳಬಾಯಿಯಿಂದ 12 ಮಿಲಿಮೀಟರ್ ದೂರದಲ್ಲಿದೆ ಅಂತ ಬಂತು ಅಂದುಕೊಳ್ಳಿ. 20 ಮಿಲಿಮೀಟರಿಗಿಂತ ಹತ್ತಿರ ಇದ್ದರೆ 'ಕೆಳಗಿದೆ' ಅನ್ನುತ್ತಾರೆ. ಡಾಕ್ಟರು ಸೇರುವುದು ಬೇಡ ಅಂದು, 32ನೇ ವಾರಕ್ಕೆ ಮತ್ತೆ ಸ್ಕ್ಯಾನ್ ಬರೆದುಕೊಟ್ಟರು. ಅಷ್ಟರಲ್ಲಿ ಗರ್ಭಕೋಶದ ಕೆಳಭಾಗ ಹಿಗ್ಗಿ ಬೆಳೆಯುತ್ತದೆ, ಮಾಸು ಬಾಯಿಯಿಂದ ದೂರ ಸರಿದಂತಾಗುತ್ತದೆ. ಈಗ ಅಳತೆ 34 ಮಿಲಿಮೀಟರ್. ನಡುವೆ ಒಂದು ಹನಿ ರಕ್ತವೂ ಹೋಗಿಲ್ಲ. "ಇನ್ನು ತೊಂದರೆ ಇಲ್ಲ" ಅಂದರು ಡಾಕ್ಟರು. 20 ವಾರಕ್ಕೆ ಮಾಸು ಕೆಳಗಿದ್ದ 10 ಜನರಲ್ಲಿ ಸುಮಾರು 9 ಜನಕ್ಕೆ ಹೀಗೇ ಸರಿಹೋಗುತ್ತದೆ. ಉಳಿದವರಿಗೆ 36ನೇ ವಾರದ ಹೊತ್ತಿಗೆ ಮತ್ತೆ ನೋಡುತ್ತಾರೆ. ಮಾಸು ಬಾಯನ್ನು ಮುಚ್ಚಿಕೊಂಡೇ ಇದ್ದರೆ ಸಿಸೇರಿಯನ್ನೇ ದಾರಿ. ಅಲ್ಲಿಯವರೆಗೂ ದೂರ ಇರಬೇಕು.

ಈ ಅಳತೆಗೆ ಕೆಳಗಿನಿಂದ ಮಾಡುವ ಸ್ಕ್ಯಾನೇ ಹೆಚ್ಚು ನಂಬಿಕೆಗೆ ಅರ್ಹ. "ಸೇರಬೇಡಿ ಅಂತಾರೆ, ಅದನ್ನು ಮಾತ್ರ ಒಳಗೆ ಹಾಕ್ತಾರಲ್ಲ" ಅಂತ ಹೆದರುವವರಿದ್ದಾರೆ. ಆ ಸಪೂರ ಪ್ರೋಬನ್ನು ನಿಧಾನವಾಗಿ ಇಡುತ್ತಾರೆ, ಗರ್ಭಕೋಶದ ಬಾಯೊಳಗೆ ತೂರಿಸುವುದಿಲ್ಲ. ಮಾಸು ಕೆಳಗಿದ್ದವರಿಗೂ ಅದು ಸುರಕ್ಷಿತ.

ಇನ್ನೂ ಕೆಲವರಿಗೆ ಬೇಡ ಅನ್ನುತ್ತಾರೆ: ಕಾರಣ ಗೊತ್ತಿಲ್ಲದೆ ರಕ್ತ ಹೋಗುತ್ತಿರುವವರಿಗೆ, ನೀರು ಹೋಗುತ್ತಿರುವವರಿಗೆ, ಅವಧಿಗೆ ಮೊದಲೇ ನೋವು ಬಂದವರಿಗೆ. ಗರ್ಭಕೋಶದ ಬಾಯಿ ಗಿಡ್ಡವಾಗಿದ್ದರೆ ಅಥವಾ ಅದಕ್ಕೆ ಹೊಲಿಗೆ ಹಾಕಿದ್ದರೂ ಸಾಮಾನ್ಯವಾಗಿ ಇದೇ ಮಾತು. ನೀರು ಹೋದಾಗ ಭಯ ಸೋಂಕಿನದು, ಮಗುವನ್ನು ಕಾಯುವ ಚೀಲವೇ ತೂತಾಗಿರುತ್ತದಲ್ಲ.

ಸೇರಿದ ಮೇಲೆ ಒಂದೆರಡು ಹನಿ ತಿಳಿಗೆಂಪು ಅಥವಾ ಕಂದು ಕಲೆ ಕಂಡರೆ ಗಾಬರಿ ಬೇಡ. ಬಸಿರಿನಲ್ಲಿ ಗರ್ಭಕೋಶದ ಬಾಯಿಗೆ ರಕ್ತ ಜಾಸ್ತಿ ಹರಿಯುತ್ತದೆ, ಸುಲಭವಾಗಿ ಒಸರುತ್ತದೆ. ಆದರೂ ಡಾಕ್ಟರಿಗೆ ಒಂದು ಮಾತು ಹೇಳಿ. ನಿಮ್ಮದು ನೆಗೆಟಿವ್ ರಕ್ತದ ಗುಂಪಾದರೆ ಅದನ್ನೂ ತಪ್ಪದೇ ಹೇಳಿ, ಇಂಜೆಕ್ಷನ್ ಬೇಕಾಗಬಹುದು. ಕೆಂಪು ರಕ್ತ ಹರಿದು ಬಂದರೆ ನೋವಿಲ್ಲ ಅಂತ ಸುಮ್ನೆ ಕೂರಬೇಡಿ. ಮಾಸು ಕೆಳಗಿದ್ದಾಗ ಹೋಗುವ ರಕ್ತಕ್ಕೆ ಹೆಚ್ಚಾಗಿ ನೋವೇ ಇರುವುದಿಲ್ಲ. ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ, ಹಿಂದಿನ ಸ್ಕ್ಯಾನ್ ರಿಪೋರ್ಟು, ತಾಯಿ ಕಾರ್ಡು ಕೈಯಲ್ಲಿರಲಿ. ಅಲ್ಲಿ ಡ್ಯೂಟಿ ಡಾಕ್ಟರಿಗೆ ಮೊದಲ ಮಾತಾಗಿ "ಮಾಸು ಕೆಳಗಿದೆ" ಅಂತ ಹೇಳಿ. ಅದು ಗೊತ್ತಿದ್ದರೆ ಅವರು ಬೆರಳು ಹಾಕಿ ಪರೀಕ್ಷೆ ಮಾಡಲು ಹೋಗುವುದಿಲ್ಲ.