ಕಾರ್ಪೆಟ್ ಏರಿಯಾದೊಳಗೆ ಸೇರಿಕೊಂಡಿದ್ದ ಬಾಲ್ಕನಿ

ನಾನು ಸಿವಿಲ್ ಎಂಜಿನಿಯರ್. ಬೆಂಗಳೂರಿನಲ್ಲಿ ಫ್ಲ್ಯಾಟ್‌ಗಳ ಮೌಲ್ಯಮಾಪನ ನನ್ನ ಕೆಲಸ. ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಅಳತೆ ನೋಡಿಕೊಡಿ ಎಂದು ಕೇಳಿಕೊಂಡು ಬರುವವರು ಕಡಿಮೆ. ಸಹಿ ಆದಮೇಲೆ ಬರುವವರೇ ಜಾಸ್ತಿ. ಹೋದ ವರ್ಷ ತುಮಕೂರಿನ ಶಿಕ್ಷಕ ದಂಪತಿ ಸಹಿಗೆ ನಾಲ್ಕು ದಿನ ಇರುವಾಗಲೇ ಬಂದರು. ಅವರ ಕಡತವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಕನಕಪುರ ರಸ್ತೆಯ ಕಡೆ ಮೂರು ಬೆಡ್‌ರೂಮಿನ ಫ್ಲ್ಯಾಟು. ಕಟ್ಟಡ ಹೆಚ್ಚುಕಡಿಮೆ ಮುಗಿದಿತ್ತು. ಸೂಪರ್ ಬಿಲ್ಟಪ್ 1,500 ಚದರಡಿ, ಚದರಡಿಗೆ 6,500 ರೂಪಾಯಿ, ಒಟ್ಟು 97.5 ಲಕ್ಷ. ಅಗ್ರಿಮೆಂಟಿನ ಕರಡಿನಲ್ಲಿ, ಕೊನೆಯ ಶೆಡ್ಯೂಲ್‌ನಲ್ಲಿ, ಕಾರ್ಪೆಟ್ ಏರಿಯಾ 1,020 ಚದರಡಿ ಎಂದು ಬರೆದಿತ್ತು.

ಕಾರ್ಪೆಟ್, ಬಿಲ್ಟಪ್, ಸೂಪರ್ ಬಿಲ್ಟಪ್ ಎಂಬ ಮೂರು ಅಳತೆಗಳಲ್ಲಿ ಕಾನೂನು ಕಟ್ಟಿಹಾಕಿರುವುದು ಒಂದನ್ನೇ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾದಲ್ಲಿ, ಕಾರ್ಪೆಟ್ ಏರಿಯಾಕ್ಕೆ ಮಾತ್ರ ಸ್ಪಷ್ಟ ಅರ್ಥ ಕೊಟ್ಟಿದ್ದಾರೆ. ಮನೆಯೊಳಗೆ ಬಳಸಬಹುದಾದ ನೆಲ, ಅದರ ಜೊತೆ ಒಳಗಿನ ಅಡ್ಡಗೋಡೆಗಳು ನಿಂತಿರುವ ಜಾಗ. ಹೊರಗೋಡೆ ಸೇರುವುದಿಲ್ಲ. ಪೈಪುಗಳು ಹೋಗುವ ಡಕ್ಟ್ ಸೇರುವುದಿಲ್ಲ. ನಿಮ್ಮ ಒಬ್ಬರದೇ ಬಾಲ್ಕನಿ, ವರಾಂಡ, ತೆರೆದ ಟೆರೇಸು ಕೂಡ ಸೇರುವುದಿಲ್ಲ. ಬಾಲ್ಕನಿಗೆ ನಿಮ್ಮ ಮನೆಯಿಂದ ಮಾತ್ರ ಬಾಗಿಲಿರಬಹುದು, ಆದರೂ ಅದು ಕಾರ್ಪೆಟ್ ಅಲ್ಲ.

ಬಿಲ್ಟಪ್ ಅಂದರೆ ರೂಢಿಯಲ್ಲಿ ಕಾರ್ಪೆಟ್‌ಗೆ ಬಾಲ್ಕನಿ, ಹೊರಗೋಡೆ, ಡಕ್ಟ್ ಸೇರಿಸಿದ್ದು. ಅದರ ಮೇಲೆ ಲಿಫ್ಟು, ಮೆಟ್ಟಿಲು, ಕಾರಿಡಾರ್, ಲಾಬಿ, ಕ್ಲಬ್‌ಹೌಸುಗಳಲ್ಲಿ ನಿಮ್ಮ ಪಾಲು ಹಾಕಿದರೆ ಸೂಪರ್ ಬಿಲ್ಟಪ್. ಈ ಪಾಲು ಎಷ್ಟು ಅನ್ನುವುದನ್ನು ಬಿಲ್ಡರೇ ತೀರ್ಮಾನಿಸುತ್ತಾರೆ. ಅದಕ್ಕೇ 1,500 ಎಂಬ ಅಂಕಿಯನ್ನು ನಾನು ಟೇಪು ಹಿಡಿದು ಪರೀಕ್ಷಿಸಲು ಆಗುವುದಿಲ್ಲ. ಕಾರ್ಪೆಟ್ ಅನ್ನು ಪರೀಕ್ಷಿಸಬಹುದು. ಹಾಗಾಗಿ ಕೆಲಸ ಅಲ್ಲಿಂದಲೇ ಶುರು.

ಮೊದಲು rera.karnataka.gov.in ತೆರೆದು ಆ ಪ್ರಾಜೆಕ್ಟಿನ ನೋಂದಣಿ ಸಂಖ್ಯೆ ಹಾಕಿದೆವು. ಪ್ರತಿ ಮಾದರಿಯ ಫ್ಲ್ಯಾಟಿನ ಕಾರ್ಪೆಟ್ ಏರಿಯಾವನ್ನೂ ಬಾಲ್ಕನಿಯನ್ನೂ ಬಿಲ್ಡರ್ ಅಲ್ಲಿ ಬೇರೆ ಬೇರೆಯಾಗಿ ಕೊಟ್ಟಿರಬೇಕು. ಇವರ ಫ್ಲ್ಯಾಟಿಗೆ 88.44 ಚದರ ಮೀಟರ್ ಎಂದಿತ್ತು. ಒಂದು ಚದರ ಮೀಟರ್‌ಗೆ 10.764 ಚದರಡಿ. ಗುಣಿಸಿದರೆ 952. ಶೆಡ್ಯೂಲ್‌ನಲ್ಲಿದ್ದದ್ದು 1,020. ವ್ಯತ್ಯಾಸ 68 ಚದರಡಿ.

ಮಾರನೆಯ ದಿನ ಟೇಪು ಹಿಡಿದು ಮನೆಯೊಳಗೆ ಹೋದೆವು. ಹಾಲ್ ಮತ್ತು ಊಟದ ಜಾಗ ಸೇರಿ 12 ಅಡಿಗೆ 23. ಬೆಡ್‌ರೂಮುಗಳು 12ಕ್ಕೆ 13, 11ಕ್ಕೆ 12, 10ಕ್ಕೆ 12. ಅಡುಗೆಮನೆ 8ಕ್ಕೆ 10, ಎರಡು ಬಾತ್‌ರೂಮು 5ಕ್ಕೆ 8, ನಡುವಿನ ಓಣಿ 4ಕ್ಕೆ ಹನ್ನೊಂದೂವರೆ. ಎಲ್ಲ ಕೂಡಿದರೆ 890. ಒಳಗೋಡೆಗಳ ಉದ್ದ ಮತ್ತು ದಪ್ಪ ಅಳೆದು ಲೆಕ್ಕ ಹಾಕಿದರೆ ಇನ್ನೊಂದು 62. ಅಲ್ಲಿಗೆ 952. ರೇರಾದಲ್ಲಿದ್ದ ಅಂಕಿ ಸರಿಯಾಗಿತ್ತು. ಕೊನೆಗೆ ಬಾಲ್ಕನಿ ಅಳೆದೆ. 4 ಅಡಿ ಅಗಲ, 17 ಅಡಿ ಉದ್ದ. ಗುಣಿಸಿ ನೋಡಿ, 68.

ರೂಮುಗಳನ್ನು ಮಾತ್ರ ಕೂಡಿ, ಕಾರ್ಪೆಟ್ ಕಡಿಮೆ ಇದೆ ಎಂದು ಜಗಳಕ್ಕೆ ಹೋಗುವವರೂ ಇದ್ದಾರೆ. ಒಳಗೋಡೆಯನ್ನು ಸೇರಿಸಲು ಮರೆತರೆ ಹಾಗಾಗುತ್ತದೆ. ಇನ್ನೊಂದು, ನಕ್ಷೆಯಲ್ಲಿ 12 ಅಡಿ ಇದ್ದ ರೂಮು ಸ್ಥಳದಲ್ಲಿ ಒಂದಿಂಚು ಕಡಿಮೆ ಬಂದರೆ ಗಾಬರಿ ಬೇಡ. ಎರಡೂ ಕಡೆ ಅರ್ಧ ಅರ್ಧ ಇಂಚಿನ ಪ್ಲಾಸ್ಟರ್ ಇರುತ್ತದೆ. ಒಳಗೋಡೆಯ ಪ್ಲಾಸ್ಟರ್ ಹೇಗೂ ಕಾರ್ಪೆಟ್‌ಗೇ ಸೇರುತ್ತದೆ. ಹೊರಗೋಡೆಯ ಒಳಮೈ ಪ್ಲಾಸ್ಟರ್‌ನಿಂದ ಇಂಥ ಮನೆಯಲ್ಲಿ ನಾಲ್ಕೈದು ಚದರಡಿ ಹೋಗಬಹುದು, ಅಷ್ಟೇ. ವ್ಯತ್ಯಾಸ 20, 30 ದಾಟಿದರೆ ಕಾರಣ ಬೇರೆ ಕಡೆ ಹುಡುಕಬೇಕು. ಕಟ್ಟಡ ಇನ್ನೂ ಎದ್ದಿಲ್ಲದಿದ್ದರೆ ಇದೇ ಲೆಕ್ಕವನ್ನು ಮಂಜೂರಾದ ನಕ್ಷೆಯ ಮೇಲೆ ಮಾಡಿ. ಬ್ರೋಷರ್‌ನ ಬಣ್ಣದ ಚಿತ್ರದ ಮೇಲೆ ಬೇಡ.

ಕಾರ್ಪೆಟ್‌ಗೆ ಬಾಲ್ಕನಿ ಸೇರಿದ್ದು ಹೇಗೆ? ಕರಡನ್ನು ಮತ್ತೆ ಓದಿದೆ. ಮೂರನೇ ಪುಟದಲ್ಲಿ ಪದಗಳ ಅರ್ಥ ಕೊಡುವ ಕಡೆ, ಕಾರ್ಪೆಟ್ ಏರಿಯಾ ಎಂದರೆ ಹೊಂದಿಕೊಂಡ ಬಾಲ್ಕನಿಯೂ ಸೇರಿದ ಅಳತೆ ಎಂದು ಒಂದು ಸಾಲು ಇತ್ತು. ಅಂಕಿ ಕೊನೆಯ ಪುಟದಲ್ಲಿ, ಅದರ ಅರ್ಥ ಮೂರನೆಯ ಪುಟದಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ಓದುವ ವ್ಯವಧಾನ ಸಹಿಯ ದಿನ ಯಾರಿಗಿರುತ್ತದೆ? ಅಡುಗೆಮನೆ ಪಕ್ಕದ ಯುಟಿಲಿಟಿಯನ್ನೂ ಕೆಲವರು ಹೀಗೆಯೇ ಸೇರಿಸುತ್ತಾರೆ. ಅದು ನಕ್ಷೆಯಲ್ಲಿ ಬಾಲ್ಕನಿ ಎಂದಿದೆಯೋ ಒಳಗಿನ ಜಾಗ ಎಂದಿದೆಯೋ ನೋಡಿಕೊಳ್ಳಬೇಕು.

ಆ ಸಾಲಿನಿಂದ ದುಡ್ಡಿನ ಲೆಕ್ಕವೂ ಬದಲಾಗುತ್ತದೆ. 97.5 ಲಕ್ಷವನ್ನು 1,020ರಿಂದ ಭಾಗಿಸಿದರೆ ಕಾರ್ಪೆಟ್ ಚದರಡಿಗೆ ಸುಮಾರು 9,559 ರೂಪಾಯಿ. 952ರಿಂದ ಭಾಗಿಸಿದರೆ 10,242. ಅಗ್ರಿಮೆಂಟುಗಳಲ್ಲಿ ಸಾಮಾನ್ಯವಾಗಿ ಇನ್ನೊಂದು ಷರತ್ತು ಇರುತ್ತದೆ. ಕಟ್ಟಡ ಮುಗಿದ ಮೇಲೆ ಬಿಲ್ಡರ್ ಕೊನೆಯ ಕಾರ್ಪೆಟ್ ಅಳತೆ ಖಚಿತಪಡಿಸಬೇಕು. ಕಡಿಮೆಯಾದರೆ ಹಣ ವಾಪಸ್, ಶೇ. 3ರವರೆಗೆ ಹೆಚ್ಚಾದರೆ ನೀವು ಕಟ್ಟಬೇಕು. ಇವರ ವಿಷಯದಲ್ಲಿ ಶೇ. 3 ಅಂದರೆ 2.92 ಲಕ್ಷ. ಬಾಲ್ಕನಿ ಸೇರಿದ ಅಂಕಿಯೇ ಆಧಾರವಾದರೆ, ರೂಮುಗಳಲ್ಲಿ ಹೋದ ಜಾಗವನ್ನು ಬಾಲ್ಕನಿ ಅಗಲಿಸಿ ಸರಿದೂಗಿಸಿದರೂ ನೀವು ಕೇಳುವಂತಿಲ್ಲ.

ಲೋಡಿಂಗ್, ಅಂದರೆ ಎಲ್ಲರಿಗೂ ಸೇರಿದ ಜಾಗದಲ್ಲಿ ನಿಮ್ಮ ತಲೆಗೆ ಬರುವ ಪಾಲು, ಶೇ. 26 ಎಂದು ಮಾರಾಟದವರು ಹೇಳಿದ್ದರು. ಅದೂ ಸುಳ್ಳಲ್ಲ. 1,500ರಲ್ಲಿ 390 ಚದರಡಿ ಎಲ್ಲರಿಗೂ ಸೇರಿದ ಜಾಗ, ಅದು ಶೇ. 26. ಆದರೆ ದಂಪತಿ ಅದನ್ನು ಕಾರ್ಪೆಟ್ ಮೇಲಿನ ಲೆಕ್ಕ ಎಂದುಕೊಂಡಿದ್ದರು. ಹಾಗೆ ಲೆಕ್ಕ ಹಾಕಿದರೆ ಕಾರ್ಪೆಟ್ 1,190 ಬರಬೇಕಿತ್ತು. ಯಾವುದರ ಮೇಲೆ ಶೇಕಡ ಎಂದು ಕೇಳದೆ ಆ ಅಂಕಿಯನ್ನು ನಂಬಬೇಡಿ. ಕಾರ್ಪೆಟ್ ಅನ್ನು ಸೂಪರ್ ಬಿಲ್ಟಪ್‌ನಿಂದ ಭಾಗಿಸಿ, ಸಾಕು. ಇಲ್ಲಿ ಶೇ. 63.5 ಬಂತು.

ಬಿಲ್ಡರ್ ಕಚೇರಿಗೆ ಎರಡು ತಿದ್ದುಪಡಿ ಬರೆದುಕೊಟ್ಟೆವು. ಮೂರನೇ ಪುಟದಲ್ಲಿ ರೇರಾ ಕಾಯ್ದೆಯ ಅರ್ಥವನ್ನೇ ಹಾಕಬೇಕು. ಶೆಡ್ಯೂಲ್‌ನಲ್ಲಿ ಕಾರ್ಪೆಟ್ 88.44, ಬಾಲ್ಕನಿ 6.32 ಚದರ ಮೀಟರ್ ಎಂದು ಬೇರೆ ಬೇರೆ ಬರೆಯಬೇಕು. ಎರಡಕ್ಕೂ ಒಪ್ಪಿದರು. ಬೆಲೆ ಮಾತ್ರ ಇಳಿಸಲಿಲ್ಲ. ನೋಂದಾಯಿತ ಅಗ್ರಿಮೆಂಟಿಗೆ ಮೊದಲು ಶೇ. 10ಕ್ಕಿಂತ ಜಾಸ್ತಿ ಹಣ ತೆಗೆದುಕೊಳ್ಳಲು ಕಾಯ್ದೆ ಬಿಡುವುದಿಲ್ಲ. ಇವರು ಕೊಟ್ಟಿದ್ದು ಬುಕಿಂಗಿನ 2 ಲಕ್ಷ ಮಾತ್ರ, ಹಾಗಾಗಿ ಯೋಚಿಸಲು ಜಾಗವಿತ್ತು.

ಅವರು ಮೊದಲು ದುಬಾರಿ ಎಂದು ಬಿಟ್ಟಿದ್ದ ಇನ್ನೊಂದು ಫ್ಲ್ಯಾಟಿನ ಕಾಗದ ತರಿಸಿದೆ. ಸೂಪರ್ ಬಿಲ್ಟಪ್ 1,400, ಚದರಡಿಗೆ 7,000, ಒಟ್ಟು 98 ಲಕ್ಷ. ಕಾರ್ಪೆಟ್ 975, ಬಾಲ್ಕನಿ ಬೇರೆ. ಕಾರ್ಪೆಟ್ ಚದರಡಿಗೆ 10,051 ರೂಪಾಯಿ ಬಿತ್ತು. ಅಳೆದು ನೋಡಿದೆವು, ಸರಿಯಿತ್ತು. ಅದನ್ನೇ ಕೊಂಡರು. ಎರಡೂ ಕಡೆ ಮೇಂಟೆನೆನ್ಸ್ ಸೂಪರ್ ಬಿಲ್ಟಪ್ ಮೇಲೆ ಚದರಡಿಗೆ ಮೂರೂವರೆ ರೂಪಾಯಿ. ಅಲ್ಲಿ ತಿಂಗಳಿಗೆ 5,250 ಕಟ್ಟಬೇಕಿತ್ತು, ಇಲ್ಲಿ 4,900 ಕಟ್ಟುತ್ತಿದ್ದಾರೆ.