ಇಬಿಟ್ಡಾ 1.20 ಕೋಟಿ, ಆದರೂ ಕೈಯಲ್ಲಿ ದುಡ್ಡಿಲ್ಲ: ಯಾವ ಲೆಕ್ಕ ಸರಿ?

ಓದುಗರ ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದೊಂದು ದಾಲ್ ಮಿಲ್ ಪಾಲುದಾರಿಕೆಯಲ್ಲಿ ನಡೆದಿದೆ. ವರ್ಷದ ಇಬಿಟ್ಡಾ 1.20 ಕೋಟಿ ಎಂದು ಹೂಡಿಕೆ ಮಾಡಲು ಬಂದವರು ಮೆಚ್ಚಿದರು. ಆದರೆ ಖಾತೆಯಲ್ಲಿ ಹಣ ಉಳಿದಿಲ್ಲ, ಬದಲಾಗಿ ಕೈಸಾಲವಾಗಿದೆ. ಯಾವ ಲೆಕ್ಕ ಸರಿ?

ಉತ್ತರ: ಎರಡೂ ಸರಿ, ಏಕೆಂದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಿಸುತ್ತವೆ. ನೀವು ಕಳುಹಿಸಿದ ಲೆಕ್ಕದಲ್ಲಿ ಮಾರಾಟ 20 ಕೋಟಿ. ತೊಗರಿ, ಹಮಾಲಿ, ವಿದ್ಯುತ್, ಸಾಗಾಣಿಕೆ, ಸಂಬಳ ಸೇರಿ ಖರ್ಚು 18.80 ಕೋಟಿ. ಬಡ್ಡಿ, ತೆರಿಗೆ ಮತ್ತು ಸವಕಳಿಗಳನ್ನು ಕಳೆಯುವ ಮುನ್ನ ಉಳಿದ 1.20 ಕೋಟಿಯೇ ಇಬಿಟ್ಡಾ.

ವಿಶ್ಲೇಷಕರು ಇದನ್ನು ಇಷ್ಟಪಡುವುದಕ್ಕೆ ತಕ್ಕ ಕಾರಣವಿದೆ. ಬೀದರಿನಲ್ಲಿ ತಂದೆಯ ಕಾಲದ ಗಿರಣಿಯೊಂದನ್ನು ಸಾಲವಿಲ್ಲದೆ ನಡೆಸುವವರನ್ನು ಊಹಿಸಿಕೊಳ್ಳಿ. ಅವರ ಯಂತ್ರಗಳ ಬೆಲೆ ಪುಸ್ತಕದಲ್ಲಿ ಎಂದೋ ಸವೆದುಹೋಗಿದೆ, ನಿಮ್ಮವು ಸಾಲದಲ್ಲಿ ತಂದ ಹೊಸ ಯಂತ್ರಗಳು. ನಿವ್ವಳ ಲಾಭವನ್ನಷ್ಟೇ ಹೋಲಿಸಿದರೆ ಅವರೇ ಜಾಣರೆನಿಸುತ್ತಾರೆ. ತೊಗರಿಯನ್ನು ಬೇಳೆ ಮಾಡಿ ಮಾರುವ ಕೆಲಸದಲ್ಲಿ ಯಾರು ಹೆಚ್ಚು ಗಳಿಸುತ್ತಾರೆಂಬುದು ಬಡ್ಡಿ, ಸವಕಳಿಗಳನ್ನು ಬದಿಗಿಟ್ಟಾಗಲೇ ಕಾಣುತ್ತದೆ. ನಿಮ್ಮ ಪ್ರಮಾಣ ಮಾರಾಟದ ಶೇ 6. ಹೂಡಿಕೆದಾರರು ನೋಡಿದ್ದು ಇದನ್ನು.

ಈಗ ಅವರು ಬದಿಗಿಟ್ಟದ್ದನ್ನು ಮರಳಿ ತರೋಣ. ದಿನನಿತ್ಯದ ವಹಿವಾಟಿಗೆ ಬಳಸುವ 5 ಕೋಟಿಯ ಸಿಸಿ ಸಾಲ ಮತ್ತು 2 ಕೋಟಿಯ ಅವಧಿ ಸಾಲಕ್ಕೆ ಶೇ 10ರಂತೆ ಬಡ್ಡಿ 70 ಲಕ್ಷ. 4 ಕೋಟಿಯ ಯಂತ್ರಗಳನ್ನು ಹತ್ತು ವರ್ಷಕ್ಕೆ ಹಂಚಿದರೆ ಸವಕಳಿ 40 ಲಕ್ಷ. ಉಳಿದ 10 ಲಕ್ಷಕ್ಕೆ ತೆರಿಗೆ ಸುಮಾರು 3 ಲಕ್ಷ, ನಿವ್ವಳ ಲಾಭ 7 ಲಕ್ಷ. ಸವಕಳಿಗೆ ಈ ವರ್ಷ ಹಣ ಕೈಬಿಡುವುದಿಲ್ಲ ಎಂಬುದು ನಿಜ, ಆದರೆ ಬೇಳೆಯ ಬಣ್ಣ ನೋಡಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ಒಂದು ದಿನ ಕೈಕೊಡುತ್ತದೆ, ಅಂದು ಹೊಸದಕ್ಕೆ ಕೊಡಬೇಕಾದದ್ದು ರೊಕ್ಕವೇ.

ಇನ್ನೆರಡು ಕಡೆ ಹೋದ ಹಣ ನಿವ್ವಳ ಲಾಭದಲ್ಲೂ ಕಾಣುವುದಿಲ್ಲ. ಅವಧಿ ಸಾಲದ ಅಸಲು ಕಂತು ವರ್ಷಕ್ಕೆ 40 ಲಕ್ಷ. ಸುಗ್ಗಿಯಲ್ಲಿ ನೀವು ಹೆಚ್ಚಿಗೆ ಕೊಂಡಿಟ್ಟ ತೊಗರಿಯಿಂದಾಗಿ ಮಾರ್ಚ್ ಕೊನೆಯ ದಾಸ್ತಾನು ಹಿಂದಿನ ವರ್ಷಕ್ಕಿಂತ 25 ಲಕ್ಷ ಹೆಚ್ಚಾಗಿದೆ. ಅದು ಗೋದಾಮಿನಲ್ಲಿ ಮೂಟೆಯಾಗಿ ಕೂತ ನಗದು. 1.20 ಕೋಟಿಯಿಂದ ಬಡ್ಡಿ, ತೆರಿಗೆ, ಅಸಲು, ದಾಸ್ತಾನು ಕಳೆದರೆ 18 ಲಕ್ಷ ಕೊರತೆ. ನಿಮ್ಮ ಕೈಸಾಲ ಬಂದದ್ದು ಇಲ್ಲಿಂದ.

ಸಾಲ ನವೀಕರಣಕ್ಕೆ ಹೋದಾಗ ಬ್ಯಾಂಕಿನವರು ಇಬಿಟ್ಡಾಕ್ಕಿಂತ ಮೊದಲು ಇನ್ನೊಂದನ್ನು ನೋಡುತ್ತಾರೆ: ನಿವ್ವಳ ಲಾಭ 7, ಸವಕಳಿ 40, ಅವಧಿ ಸಾಲದ ಬಡ್ಡಿ 20 ಸೇರಿಸಿ ಬರುವ 67 ಲಕ್ಷ, ಆ ಸಾಲದ ಬಡ್ಡಿ ಮತ್ತು ಅಸಲು ಸೇರಿದ 60 ಲಕ್ಷದ ಎಷ್ಟು ಪಟ್ಟು ಎಂಬುದನ್ನು. ನಿಮ್ಮದು 1.1 ಪಟ್ಟು, ಇದು ಇಕ್ಕಟ್ಟಾದ ಅಂಕಿ. ಅದರಲ್ಲಿ ಹೆಚ್ಚಿದ ದಾಸ್ತಾನಾಗಲಿ ಹೊಸ ಸಾರ್ಟೆಕ್ಸ್ ಆಗಲಿ ಸೇರಿಲ್ಲ.